ಓಸಿಆರ್ ಸ್ಕೋರ್ ನಂಬಿ ಬಿಲ್ ಪರಿಶೀಲನೆ ಕಡಿಮೆ ಮಾಡಿದ್ದು: ನನ್ನ ಅನುಭವ

ಬಿಲ್ಲಿನ ಚಿತ್ರದಿಂದ ಮೊತ್ತ, ದಿನಾಂಕ, ಮಾರಾಟಗಾರರ ಹೆಸರಿನಂಥ ಫೀಲ್ಡುಗಳನ್ನು ಓಸಿಆರ್ ಓದುತ್ತದೆ, ಓದಿದ್ದು ಎಷ್ಟು ಖಚಿತ ಅಂತ ಒಂದು ಸ್ಕೋರನ್ನೂ ಕೊಡುತ್ತದೆ. ಸ್ಕೋರ್ ನಂಬಿಕೊಂಡರೆ ಲೆಕ್ಕ ಕೆಡುತ್ತದೆ, ಎಲ್ಲ ಫೀಲ್ಡುಗಳನ್ನೂ ಜನರೇ ನೋಡಲಿ ಅಂತ ಟೀಮಿನವರು ಹಟ ಹಿಡಿದಿದ್ದರು. ಈಗ ಹೆಚ್ಚುಕಮ್ಮಿ ಐದರಲ್ಲಿ ಒಂದು ಫೀಲ್ಡ್ ಮಾತ್ರ ಪರಿಶೀಲನೆಗೆ ಹೋಗುತ್ತದೆ. ಆ ಕೆಲಸದ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿದಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಸ್ಕೋರ್ ತೆಗೆಯಲು Tesseract ಎಂಬ ಓಸಿಆರ್ ತಂತ್ರಾಂಶ ಬಳಸಿದೆವು:

```
tesseract bill.png out --psm 6 tsv
```

`conf` ಕಾಲಮ್ಮಿನಲ್ಲಿ ಪ್ರತಿ ಪದಕ್ಕೂ ಒಂದು ಅಂಕಿ ಬರುತ್ತದೆ. -1 ಇರುವ ಸಾಲುಗಳು ಪದಗಳಲ್ಲ, ಅವನ್ನು ಮೊದಲೇ ಬಿಟ್ಟುಬಿಡಿ.

ಮೊದಲು ಫೀಲ್ಡಿನ ಪದಗಳ ಸರಾಸರಿ ತೆಗೆದು, ಎಲ್ಲಕ್ಕೂ 80 ಎಂಬ ಒಂದೇ ಗಡಿ ಇಟ್ಟು ನೋಡಿದೆವು. ನಡೆಯಲಿಲ್ಲ. ದಿನಾಂಕದ ಮೂರು ತುಂಡುಗಳಿಗೆ 97, 96, 52 ಬಂದರೆ ಸರಾಸರಿ 82 ಆಗಿ ಪಾಸಾಗುತ್ತದೆ, ತಪ್ಪು ಇರುವುದು ಆ 52ರಲ್ಲೇ! ಸರಾಸರಿ ಬಿಟ್ಟು ಅತಿ ಕಡಿಮೆ ಅಂಕಿಯನ್ನೇ ಫೀಲ್ಡಿನ ಸ್ಕೋರ್ ಮಾಡಿದೆ. ಅರ್ಧ ಕಾಟ ಅಲ್ಲಿಗೇ ಮುಗಿಯಿತು.

ಗಡಿಯನ್ನು ಊಹೆಯಿಂದ ಇಡಲಿಲ್ಲ. ಸುಮಾರು 800 ಬಿಲ್ಲುಗಳನ್ನು ಕೈಯಲ್ಲಿ ಟೈಪ್ ಮಾಡಿಸಿದೆವು. ಖರ್ಚು ಜಾಸ್ತಿ ಅಂತ ಗಲಾಟೆಯಾಯಿತು, ಆದರೆ ಇದಿಲ್ಲದೆ ಉಳಿದದ್ದೆಲ್ಲ ಸುಮ್ನೆ. ಓಸಿಆರ್ ಓದಿದ್ದನ್ನು ಅದಕ್ಕೆ ಹೋಲಿಸಿ, ಪ್ರತಿ ಫೀಲ್ಡಿಗೂ ಸ್ಕೋರ್ ಪ್ರಕಾರ ಜೋಡಿಸಿ, ಮೇಲಿನಿಂದ ಕೆಳಗೆ ಬರುತ್ತಾ ತಪ್ಪುಗಳನ್ನು ಎಣಿಸಿದೆ. ತಪ್ಪು ಸಹಿಸಲಾಗದಷ್ಟು ಆದ ಜಾಗದಲ್ಲಿ ಗಡಿ. ಮೊತ್ತಕ್ಕೆ 92ರ ಆಸುಪಾಸು ಬಂತು. ಮಾರಾಟಗಾರರ ಹೆಸರಿಗೆ 60 ಸಾಕಾಯಿತು, ಯಾಕೆಂದರೆ ಹೆಸರನ್ನು ನಮ್ಮ ಪಟ್ಟಿಗೆ ಹೋಲಿಸಿ ಸರಿಪಡಿಸಬಹುದು. ಮೊತ್ತಕ್ಕೆ ಅಂಥ ಪಟ್ಟಿ ಎಲ್ಲಿದೆ?

ಸ್ಕೋರ್ ಎಲ್ಲವನ್ನೂ ಹಿಡಿಯುವುದಿಲ್ಲ. ಒಂದು ಬಿಲ್ಲಿನಲ್ಲಿ 1,840 ಇದ್ದದ್ದು 1,340 ಎಂದು 93 ಸ್ಕೋರಿನಲ್ಲಿ ಬಂತು. 8ರ ಎಡಬದಿಯ ಶಾಯಿ ಮಾಸಿತ್ತು, ಅಷ್ಟೇ. ಹಿಡಿದದ್ದು ಕೂಡಿಕೆ: ಸಾಲುಗಳು 1,240 ಮತ್ತು 600, ಒಟ್ಟು ತಾಳೆಯಾಗಲಿಲ್ಲ. ಹಾಗಾಗಿ ಕೂಡಿಕೆ ತಪ್ಪಿದರೆ ಸ್ಕೋರ್ ಎಷ್ಟಿದ್ದರೂ ಪರಿಶೀಲನೆಗೆ. ಖಾಲಿ ಫೀಲ್ಡೂ ಹಾಗೇ, ಓದದೇ ಇರುವುದಕ್ಕೆ ಸ್ಕೋರ್ ಎಲ್ಲಿಂದ ಬರಬೇಕು?

ನಡುವೆ `tessedit_char_whitelist` ಹಾಕಿ ಅಂಕಿಗಳಷ್ಟೇ ಬರುವಂತೆ ಮಾಡಿ ನೋಡಿದೆ. ಮೊದಲಾದರೆ ಮಸುಕಾದ 0 ಜಾಗದಲ್ಲಿ `O` ಬಂದು ಸಿಕ್ಕಿಬೀಳುತ್ತಿತ್ತು. ಈಗ ಕೊಳೆಯೂ ಚೆಂದದ ಅಂಕಿಯಾಗಿ ಬರುತ್ತಿತ್ತು, ಸುಳಿವೇ ಸಿಗುತ್ತಿರಲಿಲ್ಲ. ತೆಗೆದುಹಾಕಿದೆ.



ಪಾಸಾದವುಗಳಲ್ಲೂ ನೂರಕ್ಕೆ ಎರಡನ್ನು ಯಾದೃಚ್ಛಿಕವಾಗಿ ಆರಿಸಿ ಜನರಿಗೆ ಕೊಡುತ್ತೇವೆ. ಸ್ಕ್ಯಾನರ್ ಬದಲಾದಾಗ ಗಡಿ ಸರಿದಿದೆ ಅಂತ ಗೊತ್ತಾದದ್ದು ಅಲ್ಲೇ. ಹೊಸ ಸ್ಕ್ಯಾನರಿನ ಬಿಲ್ಲುಗಳಿಗೆ ಗಡಿಯನ್ನು ಮತ್ತೆ ಮೊದಲಿಂದ ಲೆಕ್ಕ ಹಾಕಿದೆವು, ಮೊತ್ತದ್ದು 95ರ ಹತ್ತಿರ ನಿಂತಿತು.