ಮಕ್ಕಳಿಂದ ಜೀವನಾಂಶ: ಎಸಿ ಕಚೇರಿಯಲ್ಲಿ ಅರ್ಜಿ ಹಾಕುವುದು ಹೇಗೆ?

ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವುದು ಮಕ್ಕಳ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಅದಕ್ಕೊಂದು ಕಾನೂನಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದಿದ್ದು 2007ರಲ್ಲಿ. ಕರ್ನಾಟಕದಲ್ಲಿ ಅದು 2008ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೂ ಈ ಅರ್ಜಿಯನ್ನು ಎಲ್ಲಿ ಕೊಡಬೇಕು, ಅದರಲ್ಲಿ ಏನು ಬರೆಯಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೋರ್ಟು, ವಕೀಲರು, ವರ್ಷಗಟ್ಟಲೆ ಅಲೆದಾಟ ಎಂದು ಹೆದರಿ ಸುಮ್ಮನಾಗುತ್ತಾರೆ. ಹಾಗಾಗಿ ಒಂದು ಉದಾಹರಣೆ ಇಟ್ಟುಕೊಂಡು, ಅರ್ಜಿಯಿಂದ ಆದೇಶದವರೆಗೆ ನೋಡೋಣ.

ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ 71 ವರ್ಷದ ಒಬ್ಬ ತಾಯಿ ಇದ್ದಾರೆ ಎಂದುಕೊಳ್ಳಿ. ಗಂಡ ತೀರಿಕೊಂಡಿದ್ದಾರೆ. ದೊಡ್ಡ ಮಗ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಸಂಬಳ 48,000 ರೂಪಾಯಿ. ಚಿಕ್ಕ ಮಗ ಊರಲ್ಲೇ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಮಗಳು ಹಾಸನದಲ್ಲಿ ಖಾಸಗಿ ಶಾಲೆಯ ಟೀಚರ್. ತಾಯಿಗೆ ಬರುವುದು ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಮಾತ್ರ. ಬಿಪಿ, ಶುಗರ್ ಎರಡೂ ಇದೆ.

ಯಾರು ಕೇಳಬಹುದು, ಯಾರನ್ನು ಕೇಳಬಹುದು

ಸ್ವಂತ ದುಡಿಮೆಯಿಂದಾಗಲಿ, ತಮ್ಮ ಹೆಸರಿನ ಆಸ್ತಿಯಿಂದಾಗಲಿ ಜೀವನ ಸಾಗಿಸಲು ಆಗದ ತಂದೆ ತಾಯಿ ಅರ್ಜಿ ಹಾಕಬಹುದು. ತಂದೆ ತಾಯಿಗೆ 60 ತುಂಬಿರಲೇಬೇಕು ಎಂದಿಲ್ಲ. ಮಲತಾಯಿ, ಮಲತಂದೆ, ದತ್ತು ಪಡೆದವರೂ ಕೇಳಬಹುದು. ಮಕ್ಕಳೇ ಇಲ್ಲದವರು 60 ದಾಟಿದ್ದರೆ, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರನ್ನು ಕೇಳಬಹುದು.

ಹೊಣೆ ಇರುವುದು ಗಂಡು ಮಕ್ಕಳಿಗೆ ಮಾತ್ರ ಅಲ್ಲ. ಮದುವೆಯಾದ ಹೆಣ್ಣು ಮಕ್ಕಳೂ, ವಯಸ್ಕ ಮೊಮ್ಮಕ್ಕಳೂ ಇದರೊಳಗೆ ಬರುತ್ತಾರೆ. ಸೊಸೆ, ಅಳಿಯ ಬರುವುದಿಲ್ಲ. ಸೊಸೆಯ ಮೇಲೆ ಎಷ್ಟೇ ಸಿಟ್ಟಿದ್ದರೂ ಅವಳಿಂದ ಜೀವನಾಂಶ ಕೇಳಿ ಅರ್ಜಿ ಹಾಕಿದರೆ ನಿಲ್ಲುವುದಿಲ್ಲ.

ನಮ್ಮ ತಾಯಿಗೆ ಸಿಟ್ಟಿರುವುದು ದೊಡ್ಡ ಮಗನ ಮೇಲೆ ಮಾತ್ರ. ಚಿಕ್ಕವನಿಗೆ ಆದಾಯ ಕಡಿಮೆ, ಮಗಳು ಕೊಟ್ಟ ಮನೆಯವಳು, ಅವರನ್ನು ಯಾಕೆ ಎಳೆಯಬೇಕು ಎನ್ನುತ್ತಾರೆ. ಒಬ್ಬನ ಮೇಲೆ ಮಾತ್ರ ಅರ್ಜಿ ಹಾಕಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಆದರೆ ಅವನು ನೋಟಿಸ್ ಬಂದ ಕೂಡಲೇ, ತಮ್ಮನನ್ನೂ ತಂಗಿಯನ್ನೂ ಸೇರಿಸಿ ಎಂದು ಕೇಳಬಹುದು. ಹಾಗೆ ಕೇಳುವ ಹಕ್ಕು ಅವನಿಗಿದೆ. ಆಗ ಮತ್ತೆ ನೋಟಿಸ್, ಮತ್ತೆ ತಾರೀಖು. ಮೊದಲೇ ಮೂವರ ಹೆಸರೂ ಬರೆದು, ಯಾರಿಗೆ ಎಷ್ಟು ಶಕ್ತಿ ಇದೆ ಎಂಬುದನ್ನೂ ಬರೆಯುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎಲ್ಲಿ ಕೊಡಬೇಕು

ಪೊಲೀಸ್ ಠಾಣೆಯಲ್ಲೂ ಅಲ್ಲ, ಸಿವಿಲ್ ಕೋರ್ಟಿನಲ್ಲೂ ಅಲ್ಲ. ಇದಕ್ಕೆಂದೇ ನ್ಯಾಯಮಂಡಳಿ ಇದೆ. ಕರ್ನಾಟಕದಲ್ಲಿ ಅದರ ಮುಖ್ಯಸ್ಥರು ಉಪವಿಭಾಗಾಧಿಕಾರಿ, ಅಂದರೆ ಎಸಿ. ತುರುವೇಕೆರೆಯವರಿಗೆ ತಿಪಟೂರಿನ ಎಸಿ ಕಚೇರಿ. ತಾಯಿ ಈಗ ವಾಸವಿರುವ ಅಥವಾ ಕೊನೆಯದಾಗಿ ವಾಸವಿದ್ದ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಮಕ್ಕಳಿರುವ ಜಿಲ್ಲೆಯಲ್ಲೂ ಹಾಕಬಹುದು. ಓಡಾಡಬೇಕಾದವರು ಹಿರಿಯರೇ ಆದ್ದರಿಂದ ಅವರಿಗೆ ಹತ್ತಿರದ ಕಚೇರಿಯೇ ವಾಸಿ.

ಹಾಸಿಗೆ ಹಿಡಿದವರ ಪರವಾಗಿ, ಅವರು ಒಪ್ಪಿಗೆ ಕೊಟ್ಟರೆ ಬೇರೆಯವರು ಅಥವಾ ಒಂದು ಸಂಸ್ಥೆ ಅರ್ಜಿ ಕೊಡಬಹುದು. ವಕೀಲರು ಬೇಕೇ ಬೇಕು ಎಂದಿಲ್ಲ. ತಂದೆ ತಾಯಿ ಬಯಸಿದರೆ ಸರ್ಕಾರದ ಪೋಷಣಾಧಿಕಾರಿ ಅವರ ಪರವಾಗಿ ಮಾತಾಡಲು ಕಾಯ್ದೆಯಲ್ಲೇ ಅವಕಾಶವಿದೆ. ಇದಕ್ಕಾಗಿ ಜಿಲ್ಲೆಯ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಅರ್ಜಿಯಲ್ಲಿ ಏನಿರಬೇಕು

ಅರ್ಜಿಗಳು ಸೊರಗುವುದು ಇಲ್ಲೇ. ಎಷ್ಟೋ ಹಿರಿಯರು ಎರಡು ಮೂರು ಪುಟ ಮಕ್ಕಳನ್ನು ಸಾಕಿದ ಕಷ್ಟವನ್ನೇ ಬರೆಯುತ್ತಾರೆ. ಆ ನೋವು ನಿಜ. ಆದರೆ ಆದೇಶ ಬರೆಯುವ ಅಧಿಕಾರಿಗೆ ಬೇಕಾಗಿರುವುದು ಎರಡು ಉತ್ತರ: ತಿಂಗಳಿಗೆ ಎಷ್ಟು ಬೇಕು, ಕೊಡುವ ಶಕ್ತಿ ಯಾರಿಗೆ ಎಷ್ಟಿದೆ. ಕಷ್ಟದ ಕಥೆಗೆ ಒಂದು ಪ್ಯಾರಾ ಸಾಕು. ಲೆಕ್ಕಕ್ಕೆ ಒಂದು ಪೂರ್ತಿ ಹಾಳೆ ಇಡಿ.

ನಮ್ಮ ತಾಯಿಯ ತಿಂಗಳ ಲೆಕ್ಕ ಹೀಗಿದೆ. ದಿನಸಿ, ಹಾಲು, ತರಕಾರಿಗೆ 3,500. ಬಿಪಿ, ಶುಗರ್ ಮಾತ್ರೆಗೆ 1,900. ಡಾಕ್ಟರ್ ಫೀಸು, ಬಸ್ಸು, ಆಟೋಗೆ 600. ಗ್ಯಾಸ್, ಕರೆಂಟು, ಫೋನಿಗೆ 900. ನೀರು ತಂದು, ಸ್ನಾನಕ್ಕೆ ನೆರವಾಗುವ ಹೆಂಗಸಿಗೆ 1,500. ಬಟ್ಟೆಬರೆಗೆ ತಿಂಗಳಿಗೆ 300. ಒಟ್ಟು 8,700. ಪಿಂಚಣಿ 1,200 ಕಳೆದರೆ 7,500. ಅವರು ಕೇಳಬೇಕಾದ್ದು ಇಷ್ಟು. ಪಿಂಚಣಿಯನ್ನು ಮುಚ್ಚಿಡಬೇಡಿ. ಎದುರಿನವರು ಅದನ್ನು ತೋರಿಸಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಹೆಸರಿನಲ್ಲಿ ಜಮೀನಿದ್ದರೆ ಅದನ್ನೂ ಬರೆಯಿರಿ. ಅದರ ಫಸಲು ಯಾರ ಕೈಗೆ ಹೋಗುತ್ತಿದೆ ಎಂಬುದನ್ನೂ ಬರೆಯಿರಿ.

ಈ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿಗಿಂತ ಜಾಸ್ತಿ ಕೊಡಿಸಲು ಬರುವುದಿಲ್ಲ. ಡಯಾಲಿಸಿಸ್‌ನಂಥ ದೊಡ್ಡ ಖರ್ಚಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ ಕೋರ್ಟಿಗೆ ಹೋಗುವುದು ಮೇಲು. ಹಳೆಯ 125ನೇ ಸೆಕ್ಷನ್ ಎಂದರೆ ಜನಕ್ಕೆ ಬೇಗ ಗೊತ್ತಾಗುತ್ತದೆ. ಅಲ್ಲಿ ಇಂಥ ಮಿತಿಯಿಲ್ಲ. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಅರ್ಜಿಯ ಕೊನೆಯಲ್ಲಿ ಕೋರಿಕೆಯನ್ನು ಬಿಡಿಬಿಡಿಯಾಗಿ ಬರೆಯಿರಿ. ಉದಾಹರಣೆಗೆ:

"ನನಗೆ ತಿಂಗಳಿಗೆ 7,500 ರೂಪಾಯಿ ಜೀವನಾಂಶವನ್ನು ಎದುರುದಾರರಿಂದ ಅವರವರ ಶಕ್ತಿಗೆ ತಕ್ಕಂತೆ ಕೊಡಿಸಬೇಕು. ಅರ್ಜಿ ಕೊಟ್ಟ ದಿನದಿಂದಲೇ ಕೊಡಿಸಬೇಕು. ವಿಚಾರಣೆ ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೊಡಿಸಬೇಕು. ಹಣವನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನನ್ನ ಬ್ಯಾಂಕ್ ಖಾತೆಗೆ ಹಾಕಲು ಆದೇಶಿಸಬೇಕು."

ಇದರಲ್ಲಿ ಯಾವ ವಾಕ್ಯವನ್ನೂ ಬಿಡಬೇಡಿ. ಅರ್ಜಿಯ ದಿನದಿಂದ ಎಂದು ಆದೇಶದಲ್ಲಿ ಬರೆಯದಿದ್ದರೆ, ಆದೇಶವಾದ ದಿನದಿಂದ ಮಾತ್ರ ಹಣ ಸಿಗುತ್ತದೆ. ನಡುವಿನ ತಿಂಗಳುಗಳು ಹೋದಂತೆ. ಇನ್ನು ಕೈಗೆ ಕೊಟ್ಟ ಹಣಕ್ಕೆ ದಾಖಲೆ ಇರುವುದಿಲ್ಲ. ಪಾಸ್‌ಬುಕ್ಕೇ ಮುಂದೆ ಸಾಕ್ಷಿ.

ಜೊತೆಗೆ ಆಧಾರ್, ಪಾಸ್‌ಬುಕ್, ಡಾಕ್ಟರ್ ಚೀಟಿ, ಔಷಧಿ ಬಿಲ್ಲು, ಪಹಣಿ, ಮಕ್ಕಳ ಸಂಬಂಧ ತೋರಿಸಲು ರೇಷನ್ ಕಾರ್ಡ್ ಅಥವಾ ವಂಶವೃಕ್ಷದ ಪ್ರತಿ ಇಡಿ. ಮಗನ ಸಂಬಳದ ಚೀಟಿ ನಿಮ್ಮ ಕೈಗೆ ಸಿಗುವುದಿಲ್ಲ, ಅಲ್ವಾ? ಅವನು ಕೆಲಸ ಮಾಡುವ ಜಾಗ, ಹುದ್ದೆ ಬರೆದು, ಸಂಬಳದ ದಾಖಲೆ ತರಿಸಿ ಎಂದು ಕೇಳಿ. ದಾಖಲೆ ತರಿಸಲು ನ್ಯಾಯಮಂಡಳಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ನೋಟಿಸ್, ರಾಜಿ, ವಿಚಾರಣೆ

ಮಕ್ಕಳಿಗೆ ನೋಟಿಸ್ ತಲುಪಿದ ದಿನದಿಂದ 90 ದಿನದೊಳಗೆ ಅರ್ಜಿ ತೀರ್ಮಾನವಾಗಬೇಕು. ಕಾರಣ ಬರೆದು ಒಂದು ಸಲ ಇನ್ನೂ 30 ದಿನ ಹೆಚ್ಚಿಸಬಹುದು. ಲೆಕ್ಕ ಶುರುವಾಗುವುದು ನೋಟಿಸ್ ತಲುಪಿದ ಮೇಲೆ ಎಂಬುದನ್ನು ಗಮನಿಸಿ. ಬೆಂಗಳೂರಿನ ಮಗ ಬಾಡಿಗೆ ಮನೆ ಬದಲಿಸಿದ್ದರೆ ನೋಟಿಸ್ ವಾಪಸ್ ಬರುತ್ತದೆ, ಕೇಸು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮನೆ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಕೊಡಿ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಕಂಡುಬಂದರೆ ಅವನಿಲ್ಲದೆಯೇ ವಿಚಾರಣೆ ನಡೆಸಿ ಆದೇಶ ಮಾಡಬಹುದು.

ಅಧಿಕಾರಿ ಮೊದಲು ರಾಜಿ ಮಾಡಿಸುವವರ ಬಳಿ ಕಳಿಸಬಹುದು. ಅದಕ್ಕೆ ಒಂದು ತಿಂಗಳ ಗಡುವು. ರಾಜಿ ಆಗುವುದಾದರೆ ಒಳ್ಳೆಯದೇ. ಆದರೆ "ಅಮ್ಮ, ಅರ್ಜಿ ವಾಪಸ್ ತಗೋ, ತಿಂಗಳು ತಿಂಗಳು ಕಳಿಸ್ತೀನಿ" ಎಂಬ ಮಾತಿಗೆ ಅರ್ಜಿ ಹಿಂದಕ್ಕೆ ಪಡೆಯಬೇಡಿ. ರಾಜಿಯ ಷರತ್ತುಗಳನ್ನು ಆದೇಶದಲ್ಲೇ ಬರೆಸಿ. ಅರ್ಜಿ ವಾಪಸ್ ಪಡೆದರೆ ಮಗ ಮಾತು ತಪ್ಪಿದ ದಿನ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ವಿಚಾರಣೆಯಲ್ಲಿ ಮಕ್ಕಳು ಹೇಳುವ ಸಾಮಾನ್ಯ ಮಾತು, "ಮನೆಗೆ ಬರಲಿ, ನೋಡ್ಕೋತೀವಿ, ದುಡ್ಡು ಮಾತ್ರ ಕೊಡಲ್ಲ." ಮೈಸೂರಿನ ಒಂದು ಪ್ರಕರಣದಲ್ಲಿ ಇಬ್ಬರು ಗಂಡು ಮಕ್ಕಳು ಇದೇ ವಾದ ಮಾಡಿದ್ದರು. ತಾಯಿ ಹೆಣ್ಣು ಮಕ್ಕಳ ಜೊತೆ ಇದ್ದರು. 2023ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಮಕ್ಕಳ ಜೊತೆ ಬಂದಿರು ಎಂದು ತಾಯಿಯನ್ನು ಬಲವಂತ ಮಾಡಲು ಆಗುವುದಿಲ್ಲ ಎಂದಿತು. ಆದ್ದರಿಂದ ಯಾಕೆ ಆ ಮನೆಗೆ ಹೋಗಲಾರೆ ಎಂಬುದನ್ನು ಹೆದರದೆ ಒಂದೆರಡು ಮಾತಲ್ಲಿ ಹೇಳಿ.

ನಮ್ಮ ಉದಾಹರಣೆಯಲ್ಲಿ 7,500ಕ್ಕೆ ದೊಡ್ಡ ಮಗ 4,500, ಚಿಕ್ಕವನು 1,500, ಮಗಳು 1,500 ಎಂದು ಆದೇಶ ಬರಬಹುದು. ಸಮಪಾಲೇ ಆಗಬೇಕೆಂದಿಲ್ಲ.

ಇದರ ಜೊತೆಗೇ ಹಲವರು ಕೇಳುವುದು ಮನೆ, ಜಮೀನು ಬರೆದುಕೊಟ್ಟಿದ್ದನ್ನು ವಾಪಸ್ ಪಡೆಯಬಹುದೇ ಎಂದು. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ ಇದೇ ಕಾಯ್ದೆಯ 23ನೇ ಸೆಕ್ಷನ್ ಅಡಿ ಅದನ್ನು ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾನೂನನ್ನು ಹಿರಿಯರ ಕಡೆಯಿಂದ ಉದಾರವಾಗಿ ನೋಡಬೇಕು ಎಂದಿದೆ. ಇನ್ನೂ ಬರೆದುಕೊಡದವರು ಆ ಒಂದು ಸಾಲನ್ನು ಪತ್ರದಲ್ಲಿ ಹಾಕಿಸದೆ ಸಹಿ ಮಾಡಬೇಡಿ.

ಆದೇಶ ಬಂದ ಮೇಲೆ

ಆದೇಶದ ಪ್ರತಿಯನ್ನು ತಂದೆ ತಾಯಿಗೆ ಉಚಿತವಾಗಿ ಕೊಡಬೇಕು. ಆದೇಶವಾದ 30 ದಿನದೊಳಗೆ ಮಕ್ಕಳು ಹಣ ಕಟ್ಟಬೇಕು. ಕಟ್ಟದಿದ್ದರೆ ಅದೇ ನ್ಯಾಯಮಂಡಳಿಗೆ ಬಾಕಿಯ ಲೆಕ್ಕ, ಪಾಸ್‌ಬುಕ್ ಪ್ರತಿ ಇಟ್ಟು ಮತ್ತೊಂದು ಅರ್ಜಿ ಕೊಡಿ. ಬಾಕಿ ವಸೂಲಿಗೆ ವಾರಂಟ್ ಹೊರಡಿಸಬಹುದು. ಆಗಲೂ ಕಟ್ಟದಿದ್ದರೆ ಒಂದು ತಿಂಗಳವರೆಗೆ ಅಥವಾ ಹಣ ಕಟ್ಟುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜೈಲಿಗೆ ಕಳಿಸಬಹುದು. ಆದರೆ ಈ ಅರ್ಜಿಗೆ ಮೂರು ತಿಂಗಳ ಗಡುವಿದೆ. ಜೂನ್ 5ಕ್ಕೆ ಬರಬೇಕಾದ ಹಣ ಬರಲಿಲ್ಲ ಎಂದರೆ ಸೆಪ್ಟೆಂಬರ್ 5 ದಾಟುವ ಮೊದಲೇ ಕೇಳಬೇಕು. ಮಗ ಅಲ್ವಾ, ಇನ್ನೊಂದು ತಿಂಗಳು ನೋಡೋಣ ಎಂದು ಕಾಯುತ್ತಾ ಕೂತರೆ ಆ ಬಾಕಿಗೆ ವಾರಂಟ್ ಸಿಗುವುದಿಲ್ಲ.

ಕಾಯಿಲೆ ಹೆಚ್ಚಾಗಿ ಖರ್ಚು ಏರಿದರೆ, ಮೊತ್ತ ಬದಲಿಸಿ ಎಂದು ಅದೇ ಕಚೇರಿಯಲ್ಲಿ ಕೇಳಬಹುದು. ಆದೇಶವೇ ಸರಿಯಿಲ್ಲ ಎನಿಸಿದರೆ 60 ದಿನದೊಳಗೆ ಡಿಸಿಗೆ ಮೇಲ್ಮನವಿ ಹಾಕಿ. ವಿಷಯ ಮೇಲ್ಮನವಿಯಲ್ಲಿದೆ ಎಂದು ಮಕ್ಕಳು ತಮಗೆ ತಾವೇ ಹಣ ನಿಲ್ಲಿಸುವಂತಿಲ್ಲ. ಅದು ತೀರ್ಮಾನವಾಗುವವರೆಗೂ ಕಟ್ಟುತ್ತಲೇ ಇರಬೇಕು.