ಐಫೋನ್ ಫೋಟೋ ಜೆಪೆಗ್ ಆಗಬೇಕು, ಒತ್ತಕ್ಷರವೂ ಕಾಣಬೇಕು

ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಕಾಲೇಜು ಶುರುವಾಗುವ ಹೊತ್ತಿಗೆ ಜಗಳೂರು, ಚನ್ನಗಿರಿ, ಹರಿಹರ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಮೂಲ ಅಂಕಪಟ್ಟಿ ಆಗಲೇ ಕಾಲೇಜಿನ ಆಫೀಸಿಗೆ ಸೇರಿರುತ್ತದೆ. ಕೈಯಲ್ಲಿ ಉಳಿದಿರುವುದು ಫೋನಿನಲ್ಲಿ ತೆಗೆದ ಫೋಟೋ ಮಾತ್ರ. ಕಾಗದವೇ ಇದ್ದರೆ ನಾನು ಸ್ಕ್ಯಾನರ್‌ನಲ್ಲೇ ಇಡುತ್ತೇನೆ, ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಲ್ಲದಿದ್ದಾಗ ಆ ಫೋಟೋದಿಂದಲೇ ಕೆಲಸ ಆಗಬೇಕು.

ಆ ಫೋಟೋ ಐಫೋನಿನದಾದರೆ ಹೆಸರಿನ ಕೊನೆಗೆ ಸಾಮಾನ್ಯವಾಗಿ `.HEIC` ಎಂದು ಇರುತ್ತದೆ. 2017ರಲ್ಲಿ ಬಂದ ಐಒಎಸ್ 11ರಿಂದ, ಐಫೋನ್ 7 ಮತ್ತು ಅದರ ನಂತರದ ಫೋನುಗಳು ಫೋಟೋವನ್ನು ಹೀಗೆಯೇ ಉಳಿಸುತ್ತವೆ. ಜೆಪೆಗ್‌ಗೆ ಹೋಲಿಸಿದರೆ ಸುಮಾರು ಅರ್ಧ ಜಾಗ ಸಾಕು, ಅದಕ್ಕೇ ಈ ವ್ಯವಸ್ಥೆ. ಕೆಲವು ಸ್ಯಾಮ್‌ಸಂಗ್ ಫೋನುಗಳ ಕ್ಯಾಮೆರಾ ಸೆಟ್ಟಿಂಗ್‌ನಲ್ಲೂ ಈ ಆಯ್ಕೆ ಇದೆ. ಫೋನಿಗೆ ಇದು ಒಳ್ಳೆಯದೇ. ಆದರೆ ಅರ್ಜಿಯ ಪುಟಗಳು ಹೆಚ್ಚಾಗಿ ಜೆಪೆಗ್ ಅಥವಾ ಪಿಡಿಎಫ್ ಮಾತ್ರ ತೆಗೆದುಕೊಳ್ಳುತ್ತವೆ.

ಇಲ್ಲಿ ತುಂಬಾ ಜನ ಮಾಡುವ ಮೊದಲ ಕೆಲಸ ಹೆಸರು ಬದಲಿಸುವುದು. `.HEIC` ಅಳಿಸಿ `.jpg` ಎಂದು ಬರೆಯುತ್ತಾರೆ. ಮಂಡಕ್ಕಿ ಚೀಲದ ಮೇಲೆ ಅಕ್ಕಿ ಎಂದು ಬರೆದರೆ ಒಳಗಿರುವುದು ಅಕ್ಕಿ ಆಗುವುದಿಲ್ಲ ಅಲ್ವಾ, ಇದೂ ಹಾಗೆಯೇ. ಕೆಲವು ಪುಟಗಳು ಒಳಗನ್ನೂ ಪರೀಕ್ಷಿಸಿ ತಕ್ಷಣ ಬೇಡ ಎನ್ನುತ್ತವೆ. ಕೆಲವು ಹೆಸರನ್ನಷ್ಟೇ ನೋಡಿ ಒಪ್ಪಿಕೊಳ್ಳುತ್ತವೆ. ಈ ಎರಡನೆಯದು ಜಾಸ್ತಿ ಅಪಾಯ. ಅರ್ಜಿ ಸೇರಿತು ಎಂದು ಹುಡುಗ ಊರಿಗೆ ಹೋಗುತ್ತಾನೆ, ಪರಿಶೀಲಿಸುವವರ ಪರದೆಯಲ್ಲಿ ಫೋಟೋ ತೆರೆಯುವುದೇ ಇಲ್ಲ.

ಫೈಲು ನಿಜಕ್ಕೂ ಏನು ಎಂದು ತಿಳಿಯಲು ನಾನು ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತೇನೆ. ಅರ್ಥವಿಲ್ಲದ ಅಕ್ಷರಗಳು ರಾಶಿ ಬೀಳುತ್ತವೆ, ಆದರೆ ಬೇಕಾಗಿರುವುದು ಮೊದಲ ಸಾಲಿನ ಆರಂಭ ಮಾತ್ರ. ಅಲ್ಲಿ `ftypheic` ಎಂದು ಕಂಡರೆ ಹೆಸರು ಏನೇ ಇರಲಿ, ಅದು ಎಚ್‌ಇಐಸಿ. `ÿØÿ` ಎಂದು ಶುರುವಾಗಿ ಪಕ್ಕದಲ್ಲೇ `JFIF` ಅಥವಾ `Exif` ಇದ್ದರೆ ಜೆಪೆಗ್. ನೋಡಿದ ಮೇಲೆ ಉಳಿಸದೆ ಮುಚ್ಚಬೇಕು, ಉಳಿಸಿದರೆ ಫೈಲು ಕೆಡಬಹುದು. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗವನ್ನು ಅಡಗಿಸಿಡುತ್ತದೆ. ಹಾಗಾಗಿ ನಮ್ಮ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ `File name extensions` ಆಯ್ಕೆಯನ್ನು ಆನ್ ಮಾಡಿಟ್ಟಿದ್ದೇನೆ.

ಬದಲಿಸುವ ಕೆಲಸವನ್ನು ಆದಷ್ಟು ಅವರ ಫೋನಿನಲ್ಲೇ ಮಾಡಿಸುತ್ತೇನೆ. ಐಒಎಸ್ 16 ಅಥವಾ ಅದರ ನಂತರದ್ದು ಇದ್ದರೆ ಬೇರೆ ಆ್ಯಪ್ ಬೇಡ. ಫೋಟೋ ತೆರೆದು ಹಂಚುವ ಗುರುತು ಒತ್ತಿ `Save to Files` ಕೊಡಬೇಕು. ಆಮೇಲೆ `Files` ಆ್ಯಪ್‌ನಲ್ಲಿ ಆ ಫೈಲಿನ ಮೇಲೆ ಬೆರಳು ಒತ್ತಿ ಹಿಡಿದು `Quick Actions`, ಅದರಲ್ಲಿ `Convert Image`, ಅದರಲ್ಲಿ `JPEG`. ಅಳತೆ ಕೇಳಿದಾಗ ಮೂಲ ಅಳತೆಯನ್ನೇ ಆರಿಸಿಕೊಳ್ಳಿ. ಚಿಕ್ಕದು ಮಾಡುವ ಕೆಲಸ ಆಮೇಲೆ ನಮ್ಮ ಲೆಕ್ಕದಂತೆ ನಡೆಯಲಿ. ಆನ್‌ಲೈನಿನಲ್ಲಿ ಬದಲಿಸಿಕೊಡುವ ತಾಣಗಳು ಬೇಕಾದಷ್ಟಿವೆ. ಆದರೆ ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕನ್ನು ಗೊತ್ತಿಲ್ಲದವರ ಸರ್ವರ್‌ಗೆ ಕಳಿಸಲು ನಾನು ಒಪ್ಪುವುದಿಲ್ಲ. ಫೋನಿನಲ್ಲೇ ಆಗುವ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ವಾಟ್ಸಾಪ್ ವಿಷಯ ಹೇಳಲೇಬೇಕು. ಫೋಟೋ ಎಂದು ಕಳಿಸಿದರೆ ಅದು ತಾನೇ ಜೆಪೆಗ್ ಮಾಡುತ್ತದೆ, ಜೊತೆಗೆ ಕುಗ್ಗಿಸಿಯೂ ಬಿಡುತ್ತದೆ. ಫೋಟೋದಲ್ಲಿ ಅಂಕಪಟ್ಟಿ ಪೂರ್ತಿ ತುಂಬಿಕೊಂಡಿದ್ದರೆ ಹೇಗೋ ನಡೆಯುತ್ತದೆ. ಅರ್ಧ ಮೇಜು, ಅರ್ಧ ಕಾಗದ ಇರುವ ಫೋಟೋ ಆದರೆ ಅಕ್ಷರಗಳು ಅಲ್ಲಿಗೇ ಹೋದವು. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲು ಇದ್ದಂತೆಯೇ ಬರುತ್ತದೆ. ನನಗೆ ಬೇಕಾಗಿರುವುದು ಅದೇ.

ಇಲ್ಲಿಯವರೆಗಿನದು ಸುಲಭದ ಭಾಗ. ನಿಜವಾದ ಕಷ್ಟ ಇರುವುದು ಕೆಬಿ ಮಿತಿಯಲ್ಲಿ. ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ.

ಜಗಳೂರು ಕಡೆಯ ಒಬ್ಬ ಹುಡುಗಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಫೋಟೋ ತಂದಿದ್ದಳು. ಅವಳ ಅಣ್ಣ ತನ್ನ ಐಫೋನಿನಲ್ಲಿ ತೆಗೆದದ್ದು, 4032 x 3024 ಪಿಕ್ಸೆಲ್. ಅರ್ಜಿಯ ಪುಟ ಕೇಳಿದ್ದು 200 ಕೆಬಿ ಒಳಗಿನ ಜೆಪೆಗ್. ಪೂರ್ತಿ ಅಳತೆಯಲ್ಲಿ ಜೆಪೆಗ್ ಮಾಡಿದಾಗ 3 ಎಂಬಿ ದಾಟಿತು. "ಅಣ್ಣಾ, ಫೋನಲ್ಲಿ ಕಡಿಮೆ ಇತ್ತಲ್ಲ, ಇಲ್ಲಿ ಜಾಸ್ತಿ ಆಯ್ತಲ್ಲ" ಎಂದಳು. ಅದು ಸಹಜ. ಅದೇ ಚಿತ್ರಕ್ಕೆ ಜೆಪೆಗ್ ಹೆಚ್ಚು ಜಾಗ ಕೇಳುತ್ತದೆ.

ಅವಳ ಗೆಳತಿ ಆಗಲೇ ಯಾವುದೋ ಆ್ಯಪ್‌ನಲ್ಲಿ 200 ಕೆಬಿಗೆ ಇಳಿಸಿ ಕೊಟ್ಟಿದ್ದಳು. ಪುಟ ಅದನ್ನು ತೆಗೆದುಕೊಳ್ಳುತ್ತಿತ್ತು. ಆದರೆ ದೊಡ್ಡದು ಮಾಡಿ ನೋಡಿದರೆ ನೋಂದಣಿ ಸಂಖ್ಯೆಯ 3 ಯಾವುದು, 8 ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ. ಕನ್ನಡದಲ್ಲಿದ್ದ ತಂದೆಯ ಹೆಸರಿನ ಒತ್ತುಗಳು ಬೂದು ಚುಕ್ಕೆ ಆಗಿದ್ದವು. ಆ ಆ್ಯಪ್ ಪಿಕ್ಸೆಲ್‌ಗಳನ್ನು ಮುಟ್ಟದೆ ಗುಣಮಟ್ಟವನ್ನಷ್ಟೇ ಎಳೆದು ಕೆಳಗಿಳಿಸಿತ್ತು. ಜೆಪೆಗ್ ಚಿತ್ರವನ್ನು 8 x 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸಣ್ಣ ವಿವರಗಳನ್ನು ಬಿಡುತ್ತಾ ಹೋಗುತ್ತದೆ. ಮುಖದ ಫೋಟೋದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಕ್ಷರದಲ್ಲಿ ಬಿಳಿಯಿಂದ ಕಪ್ಪಿಗೆ ಥಟ್ಟನೆ ಬದಲಾಗುವ ಅಂಚು ಇರುತ್ತದೆ, ಮೊದಲು ಕೆಡುವುದು ಅದೇ. ಅಕ್ಷರದ ಸುತ್ತ ಕೊಳೆ ಹಿಡಿದಂತೆ ಕಂಡರೆ ಗುಣಮಟ್ಟ ತೀರಾ ಇಳಿದಿದೆ ಎಂದು ತಿಳಿಯಬೇಕು.

ನಾನು ಅನುಸರಿಸುವ ಕ್ರಮ ಬೇರೆ. ಮೊದಲು ಕತ್ತರಿಸುವುದು, ಆಮೇಲೆ ಪಿಕ್ಸೆಲ್ ಇಳಿಸುವುದು, ಗುಣಮಟ್ಟಕ್ಕೆ ಕೈ ಹಾಕುವುದು ಕೊನೆಗೆ. ಆ ಫೋಟೋದ ಮೂರನೇ ಒಂದು ಭಾಗ ಹೂವಿನ ಬೆಡ್‌ಶೀಟ್ ಆಗಿತ್ತು. ಹೂವಿನ ಒಂದೊಂದು ಗೆರೆಯೂ ಕೆಬಿ ತಿನ್ನುತ್ತದೆ. ಫೋನಿನಲ್ಲೇ ಕಾಗದದ ಅಂಚಿಗೆ ಕತ್ತರಿಸಿದೆವು.

ನಂತರ ಪಿಕ್ಸೆಲ್ ಲೆಕ್ಕ. ಎ4 ಹಾಳೆಯನ್ನು ಒಂದು ಇಂಚಿಗೆ 150 ಪಿಕ್ಸೆಲ್‌ನಂತೆ ಹಿಡಿದರೆ 1240 x 1754 ಆಗುತ್ತದೆ. ಹಾಳೆಯ ಮೇಲೆ ಒಂದೂವರೆ ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ ಆಗ ಸುಮಾರು 9 ಪಿಕ್ಸೆಲ್ ಸಿಗುತ್ತದೆ. ಓದಲು ಅಷ್ಟು ಬೇಕು. ಇದನ್ನೇ ಅರ್ಧ ಮಾಡಿದರೆ 4 ಪಿಕ್ಸೆಲ್ ಆಸುಪಾಸು ಉಳಿಯುತ್ತದೆ. ಅಷ್ಟರಲ್ಲಿ ನ ಒತ್ತು, ತ ಒತ್ತು ಎರಡೂ ಒಂದೇ ಥರ ಕಾಣುತ್ತವೆ. ಇಂಗ್ಲಿಷ್ ದಾಖಲೆಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಕಾಗದಿರುವುದು ಇದೇ ಕಾರಣಕ್ಕೆ. ಮೊದಲು ಹೋಗುವುದು ಅಕ್ಷರದ ಕೆಳಗಿನ ಭಾಗ.

ಅಂಗಡಿಯಲ್ಲಿ ನಾನು ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಎಚ್‌ಇಐಸಿಯನ್ನು ಅದೇ ನೇರವಾಗಿ ಓದುವುದರಿಂದ, ಫೋನಿನಲ್ಲಿ ಕತ್ತರಿಸಿದ ಫೈಲನ್ನು ಹಾಗೆಯೇ ತರಿಸಿಕೊಂಡರೂ ಸಾಕು. ಅಂದು ಕೊಟ್ಟ ಆಜ್ಞೆ ಇದು:

```
magick marks.heic -auto-orient -resize 1754x1754 -colorspace Gray -strip -define jpeg:extent=195kb marks.jpg
```

`-auto-orient` ಇಲ್ಲದಿದ್ದರೆ ಕೆಲವು ಫೋಟೋಗಳು ಅಡ್ಡ ಮಲಗುತ್ತವೆ. ಫೋನನ್ನು ಯಾವ ಕಡೆ ತಿರುಗಿಸಿ ಹಿಡಿದಿದ್ದರು ಎಂಬ ಸೂಚನೆ ಫೈಲಿನೊಳಗೆ ಬೇರೆಯಾಗಿ ಇರುತ್ತದೆ, ಎಲ್ಲ ತಾಣಗಳೂ ಅದನ್ನು ಓದುವುದಿಲ್ಲ. `-resize` ಉದ್ದದ ಬದಿಯನ್ನು 1754ಕ್ಕೆ ತರುತ್ತದೆ, ಆಕಾರ ಕೆಡುವುದಿಲ್ಲ. `-strip` ಫೋಟೋ ತೆಗೆದ ಜಾಗದಂಥ ಮಾಹಿತಿಯನ್ನು ತೆಗೆದುಹಾಕುತ್ತದೆ. ಹುಡುಗಿಯ ಮನೆ ಎಲ್ಲಿದೆ ಎಂಬುದು ಅಂಕಪಟ್ಟಿಯ ಜೊತೆ ಹೋಗಬೇಕಾಗಿಲ್ಲ. ಕೊನೆಯದು 195 ಕೆಬಿ ಒಳಗೆ ಸಿಗುವ ಅತ್ಯುತ್ತಮ ಗುಣಮಟ್ಟವನ್ನು ತಾನೇ ಹುಡುಕಿಕೊಳ್ಳುತ್ತದೆ. ಬಣ್ಣದ ಪ್ರತಿಯೇ ಬೇಕು ಎಂದು ಕೇಳಿದ್ದರೆ `-colorspace Gray -strip` ಎರಡನ್ನೂ ಬಿಡುತ್ತೇನೆ. ಐಫೋನಿನ ಬಣ್ಣದ ವಿವರವನ್ನೂ `-strip` ಅಳಿಸುವುದರಿಂದ ಬಣ್ಣ ಮಂಕಾಗುತ್ತದೆ.

ಮಿತಿಯೊಳಗೆ ಬಂತು ಎಂದ ಮಾತ್ರಕ್ಕೆ ನಂಬಬಾರದು. ಎಷ್ಟು ಗುಣಮಟ್ಟದಲ್ಲಿ ಬಂತು ಎಂದು ಕೇಳುತ್ತೇನೆ:

```
magick identify -format "%w %h %Q" marks.jpg
```

ಕೊನೆಯ ಅಂಕಿ 60ರ ಮೇಲಿದ್ದರೆ ನನಗೆ ಸಮಾಧಾನ. 50ಕ್ಕಿಂತ ಕೆಳಗೆ ಹೋದರೆ 1754ರ ಜಾಗದಲ್ಲಿ 1500 ಹಾಕಿ ಮತ್ತೆ ನೋಡುತ್ತೇನೆ. ಸ್ವಲ್ಪ ಚಿಕ್ಕದಾದ ಸ್ವಚ್ಛ ಅಕ್ಷರ, ದೊಡ್ಡದಾದ ಕೊಳೆ ಅಕ್ಷರಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಆ ಹುಡುಗಿಯ ಫೋಟೋ ಮೊದಲ ಸಲ 50ರ ಕೆಳಗೇ ಬಂತು. ಕಾರಣ ಎರಡು. ಅಂಕಪಟ್ಟಿಯ ಹಿನ್ನೆಲೆಯಲ್ಲಿ ಸಣ್ಣ ಬಳ್ಳಿಯಂಥ ಗೆರೆಗಳ ಜಾಲ ಇತ್ತು, ಅದನ್ನು ನಾವು ಬಿಡುವಂತಿಲ್ಲ. ಇನ್ನೊಂದು ಕಾರಣ ನಮ್ಮ ಕೈಯಲ್ಲಿತ್ತು. ಫೋಟೋ ರಾತ್ರಿ ಬಲ್ಬಿನ ಕೆಳಗೆ ತೆಗೆದದ್ದು. ಬೆಳಕು ಕಡಿಮೆ ಇದ್ದಾಗ ಚಿತ್ರದ ತುಂಬಾ ಮರಳು ಉದುರಿಸಿದಂಥ ಕಣಗಳು ಬರುತ್ತವೆ. ಅವೂ ವಿವರ ಎಂದು ತಿಳಿದು ಜೆಪೆಗ್ ಅವಕ್ಕೂ ಜಾಗ ಕೊಡುತ್ತದೆ. ಆ ಪಾಲು ಅಕ್ಷರಗಳಿಗೆ ಸಿಗಬೇಕಾಗಿದ್ದದ್ದು. ಅಷ್ಟರಲ್ಲಿ ಅಣ್ಣ ಅದೇ ಅಂಕಪಟ್ಟಿಯ ಬಣ್ಣದ ಝೆರಾಕ್ಸ್ ಮನೆಯಲ್ಲಿದೆ ಎಂದ. ಆದರೆ ಅರ್ಜಿಯಲ್ಲಿ ಮೂಲದ ಚಿತ್ರವೇ ಬೇಕೆಂದು ಇತ್ತು. ಕಾಲೇಜಿನ ಆಫೀಸಿನಲ್ಲಿ ಕೇಳಿಕೊಂಡು ಮತ್ತೆ ತೆಗೆಯಲು ಹೇಳಿದೆ. ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನು ಹಾಳೆಗೆ ಸಮಾನಾಂತರವಾಗಿ, ಹಾಳೆಯ ಮೇಲೆ ತನ್ನ ನೆರಳು ಬೀಳದಂತೆ. ಲ್ಯಾಮಿನೇಷನ್ ಆಗಿದ್ದರೆ ಹೊಳಪು ಅಂಕಿಗಳ ಮೇಲೆ ಕೂರದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಬೇಕು. ಹೊಸ ಫೋಟೋಗೆ ಅದೇ ಆಜ್ಞೆ ಕೊಟ್ಟೆ. 1754 ಪಿಕ್ಸೆಲ್‌ನಲ್ಲೇ, ಅದೇ 195 ಕೆಬಿ ಒಳಗೆ ಗುಣಮಟ್ಟ 60 ದಾಟಿತು. ತಂದೆಯ ಹೆಸರಿನ ಒತ್ತು ಸ್ಪಷ್ಟವಾಗಿ ಕಂಡಿತು.

ಪರೀಕ್ಷೆಗೆ ನಾನು ಚಿತ್ರವನ್ನು 100 ಶೇಕಡಾ ಅಳತೆಯಲ್ಲಿ ತೆರೆದು ಅತಿ ಸಣ್ಣ ಬರಹವನ್ನು ಅರ್ಜಿದಾರರಿಂದಲೇ ಓದಿಸುತ್ತೇನೆ. ನೋಂದಣಿ ಸಂಖ್ಯೆ, ಹುಟ್ಟಿದ ದಿನ, ಸೀಲಿನ ಅಂಚು. ನನಗೆ ಓದಿ ಅಭ್ಯಾಸ ಇರುವುದರಿಂದ ಮಸುಕಾದದ್ದೂ ಕಾಣುತ್ತದೆ, ಅದಕ್ಕೆ ಅವರೇ ಓದಲಿ. ಆಮೇಲೆ ಫೈಲಿನ ಹೆಸರು. ಕೆಲವು ಪುಟಗಳು `.jpeg` ಬೇಡ, `.jpg` ಬೇಕು ಎನ್ನುತ್ತವೆ. ಇಲ್ಲಿ ಮಾತ್ರ ಹೆಸರು ಬದಲಿಸಿದರೆ ಸಾಕು, ಒಳಗಿರುವುದು ಎರಡರಲ್ಲೂ ಒಂದೇ. ಹೆಸರಿನಲ್ಲಿ ಖಾಲಿ ಜಾಗ, ಆವರಣ ಚಿಹ್ನೆ ಇಡುವುದಿಲ್ಲ. ಅಪ್‌ಲೋಡ್ ಆದ ಮೇಲೆ ಅಲ್ಲಿಯೇ ನೋಡುವ ಗುಂಡಿ ಇದ್ದರೆ ಒತ್ತಿ ಇನ್ನೊಮ್ಮೆ ಓದುತ್ತೇವೆ, ಕೆಲವು ತಾಣಗಳು ತಾವೂ ಒಂದು ಸುತ್ತು ಕುಗ್ಗಿಸುತ್ತವೆ.

ಇಡೀ ಪುಟಕ್ಕೆ 50 ಕೆಬಿ ಮಿತಿ ಕೊಟ್ಟಿದ್ದರೆ ಈ ದಾರಿಯೂ ಕನ್ನಡ ದಾಖಲೆಗೆ ಸಾಕಾಗುವುದಿಲ್ಲ. ಆಗ ಪಿಡಿಎಫ್‌ಗೆ ಬೇರೆ ಮಿತಿ ಇದೆಯಾ ಎಂದು ನೋಡುತ್ತೇನೆ, ಹೆಚ್ಚಿನ ಕಡೆ ಅದು ದೊಡ್ಡದಿರುತ್ತದೆ.

ಅರ್ಜಿಗಳ ಕಾಲ ಮುಗಿಯುವವರೆಗೆ ಫೋನಿನ `Settings`, `Camera`, `Formats` ಒಳಗೆ `Most Compatible` ಇಟ್ಟುಕೊಳ್ಳಿ ಎಂದು ಹೇಳಿ ಕಳಿಸುತ್ತೇನೆ. ಆಗ ಹೊಸ ಫೋಟೋಗಳು ಜೆಪೆಗ್ ಆಗಿಯೇ ಬರುತ್ತವೆ. ಹಳೆಯವು ಹಾಗೇ ಉಳಿಯುತ್ತವೆ, ಅವನ್ನು ಬದಲಿಸಲೇಬೇಕು.