ಸಾಲಕ್ಕೆ ಅರ್ಜಿ ಹಾಕುವ ಮುನ್ನ ಜಿಎಸ್‌ಟಿ ಲೆಕ್ಕ, ಬ್ಯಾಂಕ್ ಲೆಕ್ಕ ತಾಳೆ ಹಾಕಿ

ಅರಸೀಕೆರೆಯಂಥ ಊರಿನ ಒಂದು ಎಲೆಕ್ಟ್ರಿಕಲ್ ಅಂಗಡಿ ಅಂದುಕೊಳ್ಳಿ. ವೈರು, ಸ್ವಿಚ್ಚು, ಪಿವಿಸಿ ಪೈಪು, ನೀರಿನ ಪಂಪು ಮಾರುತ್ತಾರೆ. ಮಾಲೀಕರಿಗೆ 15 ಲಕ್ಷ ರೂಪಾಯಿ ಓಡಿ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದುಕೊಳ್ಳುವ ಓವರ್‌ಡ್ರಾಫ್ಟ್ ಸಾಲ ಬೇಕು. 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಇರುವ ಮಾರಾಟ 62,40,000 ರೂಪಾಯಿ. ಅದೇ ವರ್ಷ ಕರೆಂಟ್ ಖಾತೆಗೆ ಜಮೆಯಾದದ್ದು 78,50,000. ಈ ಎರಡು ಅಂಕಿಗಳನ್ನು ಮಾತ್ರ ನೋಡುವ ಸಾಲದ ಅಧಿಕಾರಿಗೆ ಮೊದಲು ಬರುವ ಅನುಮಾನ ಒಂದೇ: 16 ಲಕ್ಷದ ಮಾರಾಟವನ್ನು ರಿಟರ್ನ್‌ನಲ್ಲಿ ತೋರಿಸಿಲ್ಲವೇ?

ನಿಜಕ್ಕೂ ಈ ಅಂಗಡಿಯವರು ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಅದನ್ನು ಅರ್ಜಿಯ ಜೊತೆಗೇ ತೋರಿಸಬೇಕು. ಆಮೇಲೆ ಕೇಳಿದಾಗ ಹೇಳಿದರೆ ಸಮಜಾಯಿಷಿಯ ಹಾಗೆ ಕಾಣುತ್ತದೆ.

ಬ್ಯಾಂಕ್‌ಗೆ ಈ ಅಂಕಿ ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಮೊದಲು ನೋಡೋಣ. ಸಣ್ಣ ಉದ್ಯಮಗಳ ದುಡಿಯುವ ಬಂಡವಾಳಕ್ಕೆ, ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 20ರಷ್ಟು ಮಿತಿ ಕೊಡುವ ಪದ್ಧತಿ ಬ್ಯಾಂಕ್‌ಗಳಲ್ಲಿ ಇದೆ. 15 ಲಕ್ಷ ಸಿಗಬೇಕಾದರೆ 75 ಲಕ್ಷದ ಅಂದಾಜು ವಹಿವಾಟು ತೋರಿಸಬೇಕು. 62 ಲಕ್ಷದಿಂದ 75 ಲಕ್ಷಕ್ಕೆ ಏರುತ್ತೇವೆ ಎಂದರೆ ನಂಬಬಹುದು. ಆದರೆ ಆ 62 ಲಕ್ಷದ ಮೇಲೆಯೇ ಅನುಮಾನ ಬಂದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ.

ಹಂತ 1: ಎರಡೂ ಕಡೆಯ ಕಾಗದ ತೆಗೆಯಿರಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ `View Filed Returns`ಗೆ ಹೋಗಿ ವರ್ಷದ ಎಲ್ಲ ಜಿಎಸ್‌ಟಿಆರ್-3ಬಿ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಿ. ನಮ್ಮ ಅಂಗಡಿಯವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು, ಹಾಗಾಗಿ ನಾಲ್ಕೇ ಇವೆ. ತಿಂಗಳಿಗೊಮ್ಮೆ ಹಾಕುವವರಿಗೆ ಹನ್ನೆರಡು. ಪ್ರತಿಯೊಂದರಲ್ಲೂ `3.1(a)` ಸಾಲಿನ ತೆರಿಗೆ ಬೀಳುವ ಮಾರಾಟದ ಮೌಲ್ಯವನ್ನು ಮತ್ತು ಅದರ ಪಕ್ಕದ ತೆರಿಗೆ ಮೊತ್ತವನ್ನು ಬರೆದುಕೊಳ್ಳಿ. ಅಕ್ಕಿ, ಬೇಳೆಯನ್ನು ಬಿಡಿಯಾಗಿ ಮಾರುವ ಕಿರಾಣಿಯವರು `3.1(c)` ಸಾಲನ್ನೂ ಸೇರಿಸಬೇಕು. ತೆರಿಗೆ ಇಲ್ಲದ ಮಾರಾಟ ಅಲ್ಲಿರುತ್ತದೆ. ಅದನ್ನು ಬಿಟ್ಟರೆ ವಹಿವಾಟು ಸುಮ್ನೆ ಕಡಿಮೆ ಕಾಣುತ್ತದೆ.

ಬ್ಯಾಂಕ್ ಕಡೆಯಿಂದ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಬೇಕು. ಎಲ್ಲ ಅಂದರೆ ಉಳಿತಾಯ ಖಾತೆಯೂ ಸೇರಿ. ಅಂಗಡಿಯ ಕ್ಯೂಆರ್ ಕೋಡ್ ಮಾಲೀಕರ ಉಳಿತಾಯ ಖಾತೆಗೆ ಜೋಡಣೆಯಾಗಿರುವುದು ತುಂಬಾ ಕಡೆ ಇದೆ. ಬ್ಯಾಂಕ್‌ಗೆ ಕೊಡಲು ನೆಟ್ ಬ್ಯಾಂಕಿಂಗ್‌ನಿಂದ ಇಳಿಸಿದ ಮೂಲ ಪಿಡಿಎಫ್ ಇಟ್ಟುಕೊಳ್ಳಿ, ನಿಮ್ಮ ಲೆಕ್ಕಕ್ಕೆ ಎಕ್ಸೆಲ್ ಪ್ರತಿ ತೆಗೆಯಿರಿ.

ಹಂತ 2: ತೆರಿಗೆ ಸೇರಿಸಿ

ತಪ್ಪಾಗುವುದು ಇಲ್ಲೇ ಜಾಸ್ತಿ. ರಿಟರ್ನ್‌ನಲ್ಲಿ ಇರುವುದು ತೆರಿಗೆ ಬಿಟ್ಟ ಬೆಲೆ. ಗಿರಾಕಿ ಕೊಡುವುದು ತೆರಿಗೆ ಸೇರಿದ ಬೆಲೆ. ನಮ್ಮ ಅಂಗಡಿಯ ಸರಕಿಗೆಲ್ಲ ಶೇ 18ರ ದರ. 62,40,000ಕ್ಕೆ ತೆರಿಗೆ 11,23,200. ಎರಡೂ ಸೇರಿ 73,63,200. ಬ್ಯಾಂಕ್ ಜಮೆಯ ಜೊತೆ ಹೋಲಿಸಬೇಕಾದ ಅಂಕಿ ಇದು. ಬೇರೆ ಬೇರೆ ದರದ ಸರಕು ಮಾರುವವರು ಶೇಕಡಾ ಲೆಕ್ಕ ಹಾಕಲು ಹೋಗಬೇಡಿ. ರಿಟರ್ನ್‌ನಲ್ಲೇ ಇರುವ ತೆರಿಗೆ ಮೊತ್ತವನ್ನು ಕೂಡಿಸಿ. ಕಾಂಪೊಸಿಷನ್ ಯೋಜನೆಯವರು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲಿ ಮಾಡುವುದಿಲ್ಲ. ಅವರಿಗೆ ಈ ಹಂತವೇ ಬೇಡ.

ಹಂತ 3: ಜಮೆಗಳನ್ನು ಬೇರ್ಪಡಿಸಿ

ಕೆಲಸ ಹೆಚ್ಚಿರುವುದು ಇಲ್ಲಿ. ಎಕ್ಸೆಲ್‌ನಲ್ಲಿ ಜಮೆ ಮೊತ್ತ ಡಿ ಕಾಲಂನಲ್ಲಿದೆ ಅಂದುಕೊಳ್ಳಿ. ಪಕ್ಕದ ಇ ಕಾಲಂನಲ್ಲಿ ಪ್ರತಿ ಜಮೆಗೂ ಒಂದು ಗುರುತು ಹಾಕಿ: ಮಾರಾಟ, ಸ್ವಂತ, ಸಾಲ, ಚೀಟಿ, ವಾಪಸ್. ಮುಗಿದ ಮೇಲೆ ಈ ಸೂತ್ರ ಕೊಟ್ಟರೆ ಆಯಿತು.

```
=SUMIFS(D:D,E:E,"ಮಾರಾಟ")
```

ನಮ್ಮ ಅಂಗಡಿಯ ಕರೆಂಟ್ ಖಾತೆಯಲ್ಲಿ ಮಾರಾಟವಲ್ಲದ ಜಮೆಗಳು ಹೀಗಿದ್ದವು. ಮಾಲೀಕರು ತಮ್ಮ ಉಳಿತಾಯ ಖಾತೆಯಿಂದಲೇ ಹಾಕಿಕೊಂಡದ್ದು 5,40,000. ಚಿನ್ನದ ಮೇಲಿನ ಸಾಲ 4,00,000. ಎತ್ತಿದ ಚೀಟಿ ದುಡ್ಡು 3,00,000. ತಮ್ಮನಿಂದ ತಂದ ಕೈಗಡ 2,00,000. ಇನ್ನು ವಾಪಸ್ ಬಂದ ಚೆಕ್‌ಗಳದ್ದು 2,80,000.

ಚೆಕ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಎರಡು ಬಗೆ ಇದೆ. ನೀವು ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ ಬೌನ್ಸ್ ಆದರೆ, ಕಡಿತವಾಗಿದ್ದ ದುಡ್ಡು ನಿಮ್ಮ ಖಾತೆಗೆ ಮತ್ತೆ ಜಮೆ ಎಂದು ಬರುತ್ತದೆ. ಅದು ಮಾರಾಟವಲ್ಲ. ಗಿರಾಕಿ ಕೊಟ್ಟ ಚೆಕ್ ಬೌನ್ಸ್ ಆದರೆ ಮೊದಲು ಜಮೆ, ಆಮೇಲೆ ಕಡಿತ. ಆ ದುಡ್ಡು ನಿಮ್ಮ ಕೈಗೆ ಬಂದೇ ಇಲ್ಲ, ಆದರೂ ಜಮೆಯ ಒಟ್ಟು ಮೊತ್ತದಲ್ಲಿ ಕೂತಿರುತ್ತದೆ. ವಿವರದ ಕಾಲಂನಲ್ಲಿ `RTN` ಅಥವಾ `RET` ಅಂತ ಇರುವ ಸಾಲುಗಳನ್ನು ಹುಡುಕಿದರೆ ಎರಡೂ ಸಿಗುತ್ತವೆ. ನಮ್ಮ ಲೆಕ್ಕದಲ್ಲಿ ಮೊದಲ ಬಗೆಯದು 1,85,000, ಎರಡನೆಯದು 95,000. ಬೌನ್ಸ್ ಜಾಸ್ತಿ ಇದ್ದರೆ ಅದೇ ಬೇರೆ ಪ್ರಶ್ನೆಯಾಗುತ್ತದೆ, ಅದಕ್ಕೂ ಉತ್ತರ ಇಟ್ಟುಕೊಂಡಿರಿ.

ಒಟ್ಟು ಕಳೆಯಬೇಕಾದ್ದು 17,20,000. ಕರೆಂಟ್ ಖಾತೆಯಲ್ಲಿ ಉಳಿದ ಮಾರಾಟದ ಜಮೆ 61,30,000.

ಇನ್ನು ಉಳಿತಾಯ ಖಾತೆ. ವರ್ಷದ ಮೊದಲ ತಿಂಗಳುಗಳಲ್ಲಿ ಕ್ಯೂಆರ್ ಕೋಡ್ ಅದಕ್ಕೇ ಜೋಡಣೆಯಾಗಿತ್ತು. ಅಲ್ಲಿ ಬಂದ ಯುಪಿಐ ಮಾರಾಟ 7,90,000. ಇದನ್ನು ಸೇರಿಸಬೇಕು. ಕರೆಂಟ್ ಖಾತೆಗೆ ಹಾಕಿಕೊಂಡ 5,40,000 ಇದರದೇ ಭಾಗ. ಅದಕ್ಕೇ ಅದನ್ನು ಮೇಲೆ ಕಳೆದದ್ದು, ಇಲ್ಲದಿದ್ದರೆ ಅದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತಿತ್ತು. ಉಳಿತಾಯ ಖಾತೆಗೆ ಬಂದ ಮನೆ ಬಾಡಿಗೆ, ಅಮ್ಮನ ಪಿಂಚಣಿ, ನೆಂಟರು ವಾಪಸ್ ಕೊಟ್ಟ ದುಡ್ಡನ್ನು ಬಿಟ್ಟುಬಿಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗಲೂ ಎದ್ದ ಪ್ರಶ್ನೆ ಇದೇ ಅಲ್ವಾ, ಖಾತೆಗೆ ಬಂದದ್ದರಲ್ಲಿ ವ್ಯಾಪಾರದ್ದೆಷ್ಟು, ಮನೆಯದೆಷ್ಟು ಅಂತ. ಎರಡನ್ನೂ ಬೇರ್ಪಡಿಸಿ ಇಟ್ಟವರಿಗೆ ಉತ್ತರ ಕೊಡುವುದು ಸುಲಭ.

ಎರಡೂ ಖಾತೆ ಸೇರಿ ಮಾರಾಟದ ಜಮೆ 69,20,000. ತೆರಿಗೆ ಸೇರಿದ ಮಾರಾಟ 73,63,200. ಶೇ 94ರಷ್ಟು ಹೊಂದಿಕೆ ಬಂತು. ಮೊದಲು ಜಾಸ್ತಿ ಎಂದು ಕಾಣುತ್ತಿದ್ದ ಜಮೆ ಈಗ 4,43,200 ಕಡಿಮೆಯಾಗಿದೆ.

ಹಂತ 4: ಉದ್ರಿ ಮತ್ತು ಗಲ್ಲಾ

ಬಿಲ್ ಮಾಡಿದ ದಿನವೇ ದುಡ್ಡು ಬರುವುದಿಲ್ಲ. ಮಾರ್ಚ್‌ನಲ್ಲಿ ಗುತ್ತಿಗೆದಾರರಿಗೆ ಕೊಟ್ಟ ವೈರಿನ ದುಡ್ಡು ಜೂನ್‌ಗೆ ಬರಬಹುದು. ಆದರೆ ರಿಟರ್ನ್‌ನಲ್ಲಿ ಅದು ಮಾರ್ಚ್‌ನ ಮಾರಾಟವೇ. ಆದ್ದರಿಂದ ತಿಂಗಳು ತಿಂಗಳಿಗೂ ತಾಳೆಯಾಗಬೇಕು ಎಂದು ಹಟ ಹಿಡಿಯಬೇಡಿ, ವರ್ಷದ ಒಟ್ಟಿಗೆ ನೋಡಿ.

ಉದ್ರಿ ಪುಸ್ತಕದಲ್ಲಿ 2024ರ ಏಪ್ರಿಲ್ 1ಕ್ಕೆ ಬರಬೇಕಾಗಿದ್ದ ಬಾಕಿ 5,10,000. 2025ರ ಮಾರ್ಚ್ 31ಕ್ಕೆ 7,65,000. ಅಂದರೆ ವರ್ಷದಲ್ಲಿ ಬಾಕಿ 2,55,000 ಹೆಚ್ಚಿದೆ, ಅಷ್ಟು ಮಾರಾಟದ ದುಡ್ಡು ಇನ್ನೂ ಬಂದಿಲ್ಲ. ಅದನ್ನು ಕಳೆದರೆ ಕೈಗೆ ಬರಬೇಕಾಗಿದ್ದದ್ದು 71,08,200. ಉಳಿದ ವ್ಯತ್ಯಾಸ 1,88,200.

ಮುಂದೆ ಕ್ಯಾಶ್ ಬುಕ್. ವರ್ಷದಲ್ಲಿ ನಗದಾಗಿ ಬಂದದ್ದು 16,40,000, ಬ್ಯಾಂಕ್‌ಗೆ ಕಟ್ಟಿದ್ದು 14,55,000. ನಡುವಿನ 1,85,000 ಗಲ್ಲಾದಿಂದಲೇ ಹಮಾಲಿ, ಲಗೇಜ್ ಆಟೊ ಬಾಡಿಗೆ, ಮನೆ ಖರ್ಚಿಗೆ ಹೋಗಿದೆ. ಕೊನೆಗೆ ಉಳಿದ 3,200 ಸ್ವೈಪ್ ಮೆಷಿನ್‌ನವರು ಹಿಡಿದುಕೊಂಡ ಶುಲ್ಕ.

ನಗದು ಕಟ್ಟಿದ್ದೆಲ್ಲ ಮಾರಾಟದ್ದೇ ಎಂದು ಕಣ್ಣು ಮುಚ್ಚಿ ಗುರುತು ಹಾಕಬೇಡಿ. ಎಟಿಎಂನಿಂದ ತೆಗೆದ 50,000ವನ್ನು ಬೇಡವಾಗಿ ಮರುದಿನ ಮತ್ತೆ ಕಟ್ಟಿದ್ದರೆ ಅದು ಮಾರಾಟವಲ್ಲ. ಕ್ಯಾಶ್ ಬುಕ್ ಬರೆಯದವರು ಸಿಕ್ಕಿಬೀಳುವುದು ಇಲ್ಲೇ. ಸಾಲ ಬೇಕಾದಾಗ ಹಿಂದಿನ ವರ್ಷದ್ದನ್ನು ಕೂತು ಬರೆದರೆ, ಪ್ರತಿದಿನವೂ ಸೊನ್ನೆಗಳಲ್ಲೇ ಮುಗಿಯುವ ಅಂಕಿಗಳಿರುವುದನ್ನು ನೋಡಿಯೇ ಅಧಿಕಾರಿಗೆ ಗೊತ್ತಾಗುತ್ತದೆ.

ಜಮೆಯೇ ಜಾಸ್ತಿ ಉಳಿದರೆ

ಇಷ್ಟೆಲ್ಲ ಕಳೆದ ಮೇಲೂ ಬ್ಯಾಂಕ್‌ನಲ್ಲಿ ಬಂದ ಮಾರಾಟದ ದುಡ್ಡೇ ರಿಟರ್ನ್‌ಗಿಂತ ಹೆಚ್ಚಿದ್ದರೆ ಎರಡು ಸಾಧ್ಯತೆ ನೋಡಿ. ಮೊದಲನೆಯದು, ಮುಂಗಡ. ಪಂಪ್‌ಗೆ ಮಾರ್ಚ್‌ನಲ್ಲಿ ದುಡ್ಡು ಕೊಟ್ಟು ಏಪ್ರಿಲ್‌ನಲ್ಲಿ ಬಿಲ್ ಮಾಡಿಸಿಕೊಂಡವರು ಇರಬಹುದು. ಸರಕಿನ ಮುಂಗಡಕ್ಕೆ ಜಿಎಸ್‌ಟಿ ಕಟ್ಟುವುದು ಬಿಲ್ ಆದಾಗ, ಹಾಗಾಗಿ ಇದು ತಪ್ಪಲ್ಲ. ಹೆಸರು, ಮೊತ್ತ, ಮುಂದಿನ ಬಿಲ್ ನಂಬರ್ ಬರೆದಿಡಿ.

ಎರಡನೆಯದು, ಬಿಲ್ ಬಿಟ್ಟುಹೋಗಿದೆ. ಹಾಕಿದ 3ಬಿಯನ್ನು ಹಿಂದಕ್ಕೆ ತೆಗೆದು ತಿದ್ದಲು ಬರುವುದಿಲ್ಲ. ಬಿಟ್ಟುಹೋದ ಮಾರಾಟವನ್ನು ಮುಂದಿನ ರಿಟರ್ನ್‌ನಲ್ಲಿ ಸೇರಿಸಿ, ತೆರಿಗೆಯನ್ನೂ ವರ್ಷಕ್ಕೆ ಶೇ 18ರ ಬಡ್ಡಿಯನ್ನೂ ಕಟ್ಟಬೇಕು. ಇದಕ್ಕೆ ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವಕಾಶ. ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿದ್ದರೆ ಅವಕಾಶ ಅಲ್ಲಿಗೇ ಮುಗಿಯುತ್ತದೆ. ಗಡುವು ದಾಟಿದ್ದರೆ ಡಿಆರ್‌ಸಿ-03 ನಮೂನೆಯ ಮೂಲಕ ಸ್ವಯಂಪ್ರೇರಿತವಾಗಿ ಕಟ್ಟುವ ದಾರಿ ಇದೆ. ನಿಮ್ಮ ತೆರಿಗೆ ಸಲಹೆಗಾರರನ್ನು ಸಾಲದ ಅರ್ಜಿಗೆ ಮೊದಲೇ ಕಾಣಿ.

ಹೊಂದಿಸಬೇಕು ಎಂದು ಆಟ ಆಡಲು ಹೋಗಬೇಡಿ. ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕಿ ಜಮೆ ಬೆಳೆಸುವವರಿದ್ದಾರೆ. ಅದೇ ಮೊತ್ತ ಬಂದು ಎರಡು ಮೂರು ದಿನದಲ್ಲಿ ಅದೇ ಹೆಸರಿಗೆ ಹೋಗುವುದು ಸ್ಟೇಟ್‌ಮೆಂಟ್‌ನಲ್ಲಿ ಎದ್ದು ಕಾಣುತ್ತದೆ. ಮಾಡದ ಮಾರಾಟಕ್ಕೆ ಬಿಲ್ ಬರೆದು ರಿಟರ್ನ್ ಉಬ್ಬಿಸುವುದು ಅದಕ್ಕಿಂತ ಕೆಟ್ಟದ್ದು. ತೆರಿಗೆಯನ್ನೂ ಕಟ್ಟಬೇಕು, ಸುಳ್ಳು ಬಿಲ್‌ಗೆ ಕಾನೂನಿನ ಕ್ರಮವನ್ನೂ ಎದುರಿಸಬೇಕು.

ಹಂತ 5: ಒಂದು ಹಾಳೆ ಬರೆದು ಲಗತ್ತಿಸಿ

ಅರ್ಜಿಯ ಜೊತೆ ಒಂದೇ ಪುಟ ಸಾಕು. ಮೇಲೆ ತೆರಿಗೆ ಸೇರಿದ ಮಾರಾಟ. ಅದರಿಂದ ಹೆಚ್ಚಿದ ಉದ್ರಿ, ಗಲ್ಲಾದಿಂದಲೇ ಆದ ಖರ್ಚು, ಸ್ವೈಪ್ ಶುಲ್ಕ ಕಳೆಯಿರಿ. ಬರುವ 69,20,000ದ ಎದುರಿಗೆ ಎರಡೂ ಖಾತೆಗಳ ಮಾರಾಟದ ಜಮೆ ಬರೆಯಿರಿ. ಕೆಳಗೆ ಕಳೆದ 17,20,000ದ ವಿವರ, ದಿನಾಂಕದ ಸಮೇತ. ಚಿನ್ನದ ಸಾಲದ ರಸೀದಿ, ಚೀಟಿ ಪಾಸ್ ಪುಸ್ತಕ, ಉದ್ರಿ ಪಟ್ಟಿಗಳ ಪ್ರತಿ ಹಿಂದೆ ಇರಲಿ. ಚಿನ್ನದ ಸಾಲ ಮತ್ತು ಕೈಗಡವನ್ನು ಅರ್ಜಿಯ ಸಾಲಗಳ ಕಾಲಂನಲ್ಲೂ ಬರೆಯಬೇಕು. ಇಲ್ಲಿ ತೋರಿಸಿ ಅಲ್ಲಿ ಬಿಟ್ಟರೆ ಹೊಸ ಪ್ರಶ್ನೆ ಹುಟ್ಟುತ್ತದೆ. ಆದಾಯ ತೆರಿಗೆ ರಿಟರ್ನ್‌ನ ವಹಿವಾಟೂ ತೆರಿಗೆ ಬಿಟ್ಟ 62,40,000ಕ್ಕೆ ಹೊಂದುತ್ತದೆಯೇ ನೋಡಿ.

ಅರ್ಜಿ ಹಾಕುವ ದಿನವನ್ನೂ ಲೆಕ್ಕ ಹಾಕಿ ಆರಿಸಿ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು ಜೂನ್ ಮಧ್ಯದಲ್ಲಿ ಹೋದರೆ, ಸ್ಟೇಟ್‌ಮೆಂಟ್ ಜೂನ್‌ವರೆಗೆ ಇರುತ್ತದೆ, ರಿಟರ್ನ್ ಮಾರ್ಚ್‌ಗೇ ನಿಂತಿರುತ್ತದೆ. ಎರಡೂವರೆ ತಿಂಗಳ ಜಮೆಗೆ ಎದುರಿಗೆ ತಾಳೆ ನೋಡಲು ಏನೂ ಇರುವುದಿಲ್ಲ. ಜುಲೈನಲ್ಲಿ ಆ ತ್ರೈಮಾಸಿಕದ 3ಬಿ ಹಾಕಿ, ಜೂನ್ 30ಕ್ಕೆ ಮುಗಿಯುವ ಹನ್ನೆರಡು ತಿಂಗಳಿಗೆ ಹೊಸ ಹಾಳೆ ಮಾಡಿಕೊಂಡು ಹೋಗಿ.